ಮೋಡ ಕವಿದರೆ ಸ್ವಿಂಗ್, ಬಾನು ತಿಳಿಯಾದರೆ ಇಬ್ಬನಿ

ವೇಗದ ಬೌಲರ್ ಎಸೆದ ಚೆಂಡು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಪಕ್ಕಕ್ಕೆ ಸರಿಯುವುದಕ್ಕೆ ಸ್ವಿಂಗ್ ಎಂದು ಹೆಸರು. ಪಿಚ್‌ಗೆ ಬಿದ್ದ ಮೇಲೆ ಸೀಮ್ ತಗುಲಿ ಚೆಂಡು ಅತ್ತಿತ್ತ ಹೊರಳುವುದು ಬೇರೆ, ಸ್ಪಿನ್ನರ್ ಬೆರಳಿನಿಂದ ಹುಟ್ಟುವ ತಿರುವು ಬೇರೆ. ಸ್ವಿಂಗ್ ಪೂರ್ತಿಯಾಗಿ ಗಾಳಿಯ ಕೆಲಸ. ಹಾಗಾಗಿಯೇ ಪಂದ್ಯದ ಬೆಳಿಗ್ಗೆ ನಾಯಕರು ಪಿಚ್ ನೋಡಿದ ಮೇಲೆ ತಲೆಯೆತ್ತಿ ಆಕಾಶವನ್ನೂ ನೋಡುತ್ತಾರೆ. ಹಗಲು-ರಾತ್ರಿ ಪಂದ್ಯವಾದರೆ ಅವರ ಲೆಕ್ಕಕ್ಕೆ ಇನ್ನೊಂದು ವಿಷಯ ಸೇರುತ್ತದೆ, ರಾತ್ರಿ ಬೀಳುವ ಇಬ್ಬನಿ. ಸ್ವಿಂಗ್ ಮತ್ತು ಇಬ್ಬನಿ ಎರಡನ್ನೂ ಆಳುವುದು ಗಾಳಿಯ ತೇವ, ಮೋಡ ಮತ್ತು ಉಷ್ಣತೆ. ಆದರೆ ಇವು ಎರಡರ ಮೇಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಸ್ವಿಂಗ್‌ಗೆ ನೆರವಾಗುವ ಮೋಡವೇ ಇಬ್ಬನಿಯನ್ನು ತಡೆಯುತ್ತದೆ. ಸ್ವಿಂಗ್‌ಗೆ ಕಾರಣವೆಂದು ಎಲ್ಲರೂ ಹೇಳುವ ತೇವಕ್ಕೆ ಅಲ್ಲಿ ನೇರವಾದ ಪಾತ್ರ ಬಹಳ ಕಡಿಮೆ, ಇಬ್ಬನಿಯಲ್ಲಿ ಮಾತ್ರ ಅದರದೇ ಮುಖ್ಯ ಪಾತ್ರ.

ಮೊದಲು ಚೆಂಡನ್ನು ಹತ್ತಿರದಿಂದ ನೋಡಬೇಕು. ಹೊಸ ಚೆಂಡಿನ ತೂಕ 156ರಿಂದ 163 ಗ್ರಾಂ, ಅಡ್ಡಳತೆ ಏಳು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಚರ್ಮದ ಎರಡು ಅರ್ಧಗೋಳಗಳು ಕೂಡುವ ಕಡೆ ದಾರದ ಆರು ಸಾಲು ಹೊಲಿಗೆ ಸುತ್ತಲೂ ಓಡುತ್ತದೆ. ಇದೇ ಸೀಮ್. ಚರ್ಮದ ಮಟ್ಟಕ್ಕಿಂತ ಇದು ಕೂದಲೆಳೆಯಷ್ಟು ಎತ್ತರ, ಉಗುರಿನಿಂದ ಸವರಿದರೆ ಏಣು ತಿಳಿಯುತ್ತದೆ. ಸ್ವಿಂಗ್ ಮಾಡುವ ಬೌಲರ್ ಈ ಏಣನ್ನು ಚೆಂಡು ಸಾಗುವ ದಾರಿಗೆ ನೇರವಾಗಿ ಇಡುವುದಿಲ್ಲ, ಸುಮಾರು 20 ಡಿಗ್ರಿ ಓರೆಯಾಗಿ ಹಿಡಿಯುತ್ತಾನೆ. ಬಲಗೈ ಬ್ಯಾಟರ್‌ಗೆ ಔಟ್‌ಸ್ವಿಂಗರ್ ಹಾಕಬೇಕಾದರೆ ಸೀಮ್ ಸ್ಲಿಪ್ ಕಡೆಗೆ ಮುಖ ಮಾಡಿರುತ್ತದೆ, ಹೊಳೆಯುವ ಭಾಗ ಲೆಗ್ ಕಡೆಗಿರುತ್ತದೆ. ಕೈಯಿಂದ ಬಿಡುವಾಗ ಬೆರಳುಗಳು ಚೆಂಡಿಗೆ ಹಿಮ್ಮುಖ ಸುತ್ತು ಕೊಡುತ್ತವೆ. ಆ ಸುತ್ತಿನಿಂದಾಗಿ ಸೀಮ್ ಅಲುಗಾಡದೆ ಕೊನೆಯವರೆಗೂ ಅದೇ ಓರೆಯಲ್ಲಿ ನಿಲ್ಲುತ್ತದೆ.

ಚೆಂಡು ಮುನ್ನುಗ್ಗುವಾಗ ಅದರ ಮೈಗೆ ಅಂಟಿದಂತೆ ಗಾಳಿಯ ಒಂದು ತೆಳುಪದರ ಹರಿಯುತ್ತದೆ. ಹೊಳೆಯುವ ನಯವಾದ ಕಡೆ ಈ ಪದರ ಕಲಕದೆ ಸಲೀಸಾಗಿ ಸಾಗಿ, ಚೆಂಡಿನ ಅರ್ಧ ದಾಟುವ ಹೊತ್ತಿಗೇ ಮೈ ಬಿಟ್ಟು ಕಳಚಿಕೊಳ್ಳುತ್ತದೆ. ಇನ್ನೊಂದು ಕಡೆ ಗಾಳಿ ಓರೆಯಾಗಿ ನಿಂತ ಸೀಮ್‌ಗೆ ಎಡವಿ ಕಲಕುತ್ತದೆ. ಕಲಕಿದ ಪದರಕ್ಕೆ ಕಸುವು ಹೆಚ್ಚು, ಅದು ಚೆಂಡಿನ ಹಿಂಭಾಗದವರೆಗೂ ಅಂಟಿಕೊಂಡೇ ಹೋಗಿ ತಡವಾಗಿ ಬಿಡುತ್ತದೆ. ಒಂದು ಕಡೆ ಬೇಗ, ಒಂದು ಕಡೆ ತಡವಾಗಿ ಕಳಚುವುದರಿಂದ ಎರಡು ಬದಿಯ ಒತ್ತಡ ಸಮ ಇರುವುದಿಲ್ಲ. ಸೀಮ್ ಇರುವ ಬದಿಯಲ್ಲಿ ಒತ್ತಡ ತಗ್ಗುತ್ತದೆ, ಚೆಂಡು ಅತ್ತ ಸರಿಯುತ್ತದೆ. ಈ ವ್ಯತ್ಯಾಸ ಉಳಿಯುವಷ್ಟು ಹೊತ್ತು ಮಾತ್ರ ಸ್ವಿಂಗ್ ಉಳಿಯುತ್ತದೆ. ನಯವಾದ ಕಡೆಯ ಪದರವನ್ನೂ ಯಾವುದಾದರೂ ಕಲಕಿಬಿಟ್ಟರೆ ಎರಡೂ ಕಡೆ ಗಾಳಿ ಒಂದೇ ರೀತಿ ಹರಿದು ಚೆಂಡು ನೇರವಾಗಿ ಹೋಗುತ್ತದೆ. ಮೋಡದ ಪಾತ್ರ ಅರ್ಥವಾಗಬೇಕಾದರೆ ಇದೊಂದು ಅಂಶ ನೆನಪಿನಲ್ಲಿರಬೇಕು.

1980ರ ದಶಕದ ಆರಂಭದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ರವೀಂದ್ರ ಮೆಹ್ತಾ ಮತ್ತು ಸಂಗಡಿಗರು ಗಾಳಿಸುರಂಗದಲ್ಲಿ ನಿಜವಾದ ಚೆಂಡುಗಳನ್ನು ಸುತ್ತಿಸಿ ಬಿಟ್ಟು ಈ ಬಲವನ್ನು ಅಳೆದರು. ಅವರು ಕಂಡುಕೊಂಡಂತೆ, ಸಾಂಪ್ರದಾಯಿಕ ಸ್ವಿಂಗ್‌ಗೆ ಅತ್ಯಂತ ಹದವಾದ ವೇಗ ಸೆಕೆಂಡಿಗೆ 30 ಮೀಟರ್ ಆಸುಪಾಸು, ಅಂದರೆ ಗಂಟೆಗೆ 110 ಕಿಲೋಮೀಟರ್ ಸುಮಾರು. ಅದಕ್ಕಿಂತ ಬಹಳ ವೇಗ ಹೆಚ್ಚಿದರೆ ನಯವಾದ ಕಡೆಯ ಪದರ ತಾನಾಗಿಯೇ ಕಲಕತೊಡಗುತ್ತದೆ. 1983ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ವಾತಾವರಣದಲ್ಲಿ ಬೌಲ್ ಮಾಡಿ 18 ವಿಕೆಟ್‌ಗಳೊಡನೆ ಎಲ್ಲರಿಗಿಂತ ಮೇಲೆ ನಿಂತವರು ಭಯ ಹುಟ್ಟಿಸುವ ವೇಗದ ಬೌಲರ್ ಅಲ್ಲ, ಬೆಂಗಳೂರಿನ ಮಧ್ಯಮ ವೇಗಿ ರೋಜರ್ ಬಿನ್ನಿ. ಅವರ ಯಶಸ್ಸಿನ ಹಿಂದೆ ಈ ಹದವೂ ಇತ್ತು ಎನ್ನಲು ಅಡ್ಡಿಯಿಲ್ಲ.

ಈಗ ಒಂದು ಚೆಂಡಿನ ಲೆಕ್ಕ ಹಾಕಿ ನೋಡಬಹುದು. ಬೌಲರ್ ಕೈಯಿಂದ ಬ್ಯಾಟರ್ ತನಕ ಸುಮಾರು 18 ಮೀಟರ್ ದೂರ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಇದಕ್ಕೆ ಹಿಡಿಯುವ ಸಮಯ 0.6 ಸೆಕೆಂಡು. ಚೆನ್ನಾಗಿ ಸ್ವಿಂಗ್ ಆಗುವ ಚೆಂಡಿನ ಮೇಲೆ ಪಕ್ಕದಿಂದ ಬೀಳುವ ಬಲ ಅದರ ತೂಕದ ಶೇ 30ರಷ್ಟು ಎಂದು ಇಟ್ಟುಕೊಂಡರೆ, ಅಷ್ಟು ಹೊತ್ತಿನಲ್ಲಿ ಅದು ಅರ್ಧ ಮೀಟರಿಗೂ ತುಸು ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಇದರಲ್ಲಿ ಮೊದಲರ್ಧ ದಾರಿಯಲ್ಲಿ ಸರಿಯುವುದು ಬರೀ 13 ಸೆಂಟಿಮೀಟರ್, ಉಳಿದ 40 ಸೆಂಟಿಮೀಟರ್ ಸರಿಯುವುದು ಕೊನೆಯ ಅರ್ಧದಲ್ಲಿ. ಬಲ ಒಂದೇ ಸಮನೆ ಬಿದ್ದರೂ ಬ್ಯಾಟರ್ ಕಣ್ಣಿಗೆ ಚೆಂಡು ಕೊನೆಗಳಿಗೆಯಲ್ಲಿ ಹೊರಳಿದಂತೆ ಕಾಣುವುದು ಇದರಿಂದಲೇ. ಬ್ಯಾಟಿನ ಅಗಲ ಹೆಚ್ಚೆಂದರೆ 10.8 ಸೆಂಟಿಮೀಟರ್ ಆದ್ದರಿಂದ ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸವಾದರೂ ನಡುಬ್ಯಾಟಿಗೆ ಬರಬೇಕಾದ ಚೆಂಡು ಅಂಚಿಗೆ ತಗುಲುತ್ತದೆ.

ಈ ಅರ್ಧ ಮೀಟರನ್ನು ಅಳತೆಗೋಲಾಗಿ ಇಟ್ಟುಕೊಂಡು ಹವಾಮಾನದ ಒಂದೊಂದೇ ಅಂಶವನ್ನು ಒರೆಗೆ ಹಚ್ಚಬಹುದು. ಮೊದಲು ತೇವ. 'ಗಾಳಿ ಇವತ್ತು ಭಾರವಾಗಿದೆ, ಚೆಂಡು ಸ್ವಿಂಗ್ ಆಗುತ್ತದೆ' ಎಂಬ ಮಾತು ಮೈದಾನಗಳಲ್ಲಿ ಎಷ್ಟೋ ದಶಕಗಳಿಂದ ಓಡಾಡುತ್ತಿದೆ. ಸೆಖೆಯಲ್ಲಿ ಮೈ ಭಾರವೆನಿಸುವುದು ನಿಜ, ಆದರೆ ತೇವ ತುಂಬಿದ ಗಾಳಿ ಒಣ ಗಾಳಿಗಿಂತ ಹಗುರ. ನೀರಿನ ಆವಿಯ ಅಣುಗಳು ಅವು ಜಾಗ ಹಿಡಿಯುವ ಸಾರಜನಕ, ಆಮ್ಲಜನಕದ ಅಣುಗಳಿಗಿಂತ ಕಡಿಮೆ ತೂಕದವು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಒಣಗಿದ ಗಾಳಿಗೂ ಆವಿಯಿಂದ ಪೂರ್ತಿ ತುಂಬಿದ ಗಾಳಿಗೂ ಸಾಂದ್ರತೆಯ ವ್ಯತ್ಯಾಸ ಶೇ 1.6ರಷ್ಟು ಮಾತ್ರ. ಪಕ್ಕಕ್ಕೆ ತಳ್ಳುವ ಬಲ ಗಾಳಿಯ ಸಾಂದ್ರತೆಯೊಂದಿಗೆ ಏರಿಳಿಯುವುದರಿಂದ ಅರ್ಧ ಮೀಟರ್ ಸ್ವಿಂಗ್‌ನಲ್ಲಿ ಇದು ಒಂದು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಅದೂ ಉಲ್ಟಾ ದಿಕ್ಕಿನಲ್ಲಿ, ತೇವ ಹೆಚ್ಚಿದಷ್ಟೂ ಸ್ವಿಂಗ್ ಕೂದಲಷ್ಟು ಕಡಿಮೆಯಾಗಬೇಕು.

ತೇವ ಕುಡಿದ ದಾರ ಉಬ್ಬಿ ಸೀಮ್ ಎತ್ತರವಾಗುತ್ತದೆ, ಚರ್ಮ ಹಿಗ್ಗುತ್ತದೆ ಎಂಬುದು ಇನ್ನೊಂದು ವಾದ. ಇದನ್ನು ಪರೀಕ್ಷಿಸಲು ಇಂಗ್ಲೆಂಡಿನ ಶೆಫೀಲ್ಡ್ ಹಾಲಂ ವಿಶ್ವವಿದ್ಯಾಲಯದ ಡೇವಿಡ್ ಜೇಮ್ಸ್ ಮತ್ತು ಸಹೋದ್ಯೋಗಿಗಳು ಚೆಂಡುಗಳನ್ನು ಹವಾಮಾನ ನಿಯಂತ್ರಿಸುವ ಪೆಟ್ಟಿಗೆಯಲ್ಲಿಟ್ಟು, ತೇವವನ್ನು ಏರಿಸಿ ಇಳಿಸಿ, ಲೇಸರ್ ಸ್ಕ್ಯಾನರಿನಿಂದ ಅವುಗಳ ಆಕಾರ ಅಳೆದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಗಾಳಿಯ ತೇವದಿಂದ ಚೆಂಡಿನ ಆಕಾರದಲ್ಲಿ ಸ್ವಿಂಗ್ ಮೇಲೆ ಪರಿಣಾಮ ಬೀರುವಂಥ ಬದಲಾವಣೆ ಏನೂ ಆಗಲಿಲ್ಲ.

ಹಾಗೆಂದು ತೇವಕ್ಕೂ ಸ್ವಿಂಗ್‌ಗೂ ಸಂಬಂಧವೇ ಇಲ್ಲ ಎಂದೇನೂ ಅಲ್ಲ, ಸಂಬಂಧ ಸುತ್ತುಬಳಸಿನದು. ತೇವದ ಸೀಮೆಯ ಮೈದಾನದಲ್ಲಿ ಹುಲ್ಲು ಹಸಿರಾಗಿ ದಟ್ಟವಾಗಿ ಬೆಳೆದಿರುತ್ತದೆ, ಉರುಳಿ ಬಂದ ಚೆಂಡಿನ ಹೊಳಪು ಬಹಳ ಹೊತ್ತು ಬಾಳುತ್ತದೆ. ಒಣ ನೆಲದಲ್ಲಿ ಮಣ್ಣು, ಮರಳು ಚರ್ಮವನ್ನು ಕೆಲವೇ ಓವರ್‌ಗಳಲ್ಲಿ ತರಚಿಬಿಡುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ತೇವ ಹೆಚ್ಚಿದ ದಿನಗಳಲ್ಲಿ ಬಹುಪಾಲು ಮೋಡವೂ ಇರುತ್ತದೆ. ಸ್ವಿಂಗ್ ಆದ ದಿನ ಮೈ ಬೆವರಿದ್ದು ನೆನಪಿನಲ್ಲಿ ಉಳಿಯುತ್ತದೆ, ತಲೆಯ ಮೇಲೆ ಬಿಸಿಲಿರಲಿಲ್ಲ ಎಂಬುದು ಮರೆತುಹೋಗುತ್ತದೆ.

ಮೋಡ ಮಾಡುವ ಕೆಲಸ ನಡೆಯುವುದು ಆಕಾಶದಲ್ಲಲ್ಲ, ನೆಲದ ಹತ್ತಿರ. ಬಿಸಿಲಿನಲ್ಲಿ ಪಿಚ್‌ನ ಒಣಮಣ್ಣು ಸುತ್ತಲಿನ ಗಾಳಿಗಿಂತ ಎಷ್ಟೋ ಡಿಗ್ರಿ ಹೆಚ್ಚು ಕಾಯುತ್ತದೆ. ಅದರ ಮೇಲಿನ ಗಾಳಿ ಕಾದು ಮೇಲೇಳುತ್ತದೆ, ಆ ಜಾಗಕ್ಕೆ ಪಕ್ಕದ ತಂಪು ಗಾಳಿ ನುಗ್ಗುತ್ತದೆ. ಬೇಸಿಗೆಯ ಮಧ್ಯಾಹ್ನ ದೂರದಿಂದ ಪಿಚ್ ನೋಡಿದರೆ ಗಾಳಿ ನಡುಗಿದಂತೆ ಕಾಣುವುದು ಇದೇ. ಕಣ್ಣಿಗೆ ಕಾಣದ ಸಣ್ಣ ಸಣ್ಣ ಸುಳಿಗಳು ನೆಲದಿಂದ ತಲೆಯೆತ್ತರದವರೆಗೂ ಎದ್ದು ಮಗುಚುತ್ತಿರುತ್ತವೆ, ಚೆಂಡು ಸಾಗಬೇಕಾದ ದಾರಿಯೂ ಅದೇ. ಮೊದಲೇ ಕಲಕಿದ ಗಾಳಿಯನ್ನು ಸೀಳಿಕೊಂಡು ಹೋಗುವ ಚೆಂಡಿನ ನಯವಾದ ಬದಿಯಲ್ಲೂ ಪದರ ಸಲೀಸಾಗಿ ಉಳಿಯಲಾರದು, ಸೀಮ್ ಇಲ್ಲದ ಕಡೆಯೂ ಅದು ಕಲಕುತ್ತದೆ. ಎರಡೂ ಬದಿಯ ಅಂತರ ಅಳಿಸಿಹೋಗುತ್ತದೆ. ಮೋಡ ಬಿಸಿಲನ್ನು ತಡೆದರೆ ನೆಲ ಕಾಯುವುದಿಲ್ಲ, ಸುಳಿಗಳು ಏಳುವುದಿಲ್ಲ, ಗಾಳಿ ಸುಮ್ಮನೆ ನಿಂತಿರುತ್ತದೆ. ಜೇಮ್ಸ್ ಅವರ ತಂಡ ತೇವದ ವಾದವನ್ನು ಬದಿಗಿಟ್ಟು ಮುಂದಿಟ್ಟ ವಿವರಣೆ ಇದು. ಇದು ಇನ್ನೂ ಊಹೆಯ ಹಂತದಲ್ಲಿದೆ, ಬಯಲು ಮೈದಾನದ ಗಾಳಿಯನ್ನು ಚೆಂಡಿನ ಜೊತೆಜೊತೆಗೇ ಅಳೆದು ಸಾಬೀತು ಮಾಡುವುದು ಸುಲಭವಲ್ಲ. ಆದರೆ ಮುಂದಿಟ್ಟಿರುವ ವಿವರಣೆಗಳಲ್ಲಿ ಆಟಗಾರರ ಅನುಭವಕ್ಕೂ ಭೌತಶಾಸ್ತ್ರಕ್ಕೂ ಒಟ್ಟಿಗೆ ಹೊಂದುವುದು ಇದೇ.

2023ರ ಸೆಪ್ಟೆಂಬರ್ 17ರಂದು ಕೊಲಂಬೊದ ಪ್ರೇಮದಾಸ ಮೈದಾನದಲ್ಲಿ ನಡೆದ ಏಷ್ಯಾಕಪ್ ಫೈನಲ್ ಇಂಥ ದಿನದ್ದು. ಮಳೆಯಿಂದಾಗಿ ಆಟ ಆರಂಭವಾಗಿದ್ದು 40 ನಿಮಿಷ ತಡವಾಗಿ. ಟಾಸ್ ಗೆದ್ದ ಶ್ರೀಲಂಕಾ ಬ್ಯಾಟಿಂಗ್ ಆರಿಸಿಕೊಂಡಿತ್ತು. ಮೊಹಮ್ಮದ್ ಸಿರಾಜ್ ತಮ್ಮ ಎರಡನೇ ಓವರಿನಲ್ಲೇ ನಾಲ್ಕು ವಿಕೆಟ್ ಕಿತ್ತರು, ಕೊನೆಗೆ 21 ರನ್ನಿಗೆ ಆರು ವಿಕೆಟ್ ಪಡೆದರು. ಶ್ರೀಲಂಕಾ 50 ರನ್ನಿಗೆ ಆಲೌಟಾಯಿತು. ಕೊಲಂಬೊದಲ್ಲಿ ವರ್ಷವಿಡೀ ಸೆಖೆ ಇರುತ್ತದೆ, ಅಲ್ಲಿ ಆಡುವ ಪ್ರತಿ ಪಂದ್ಯದಲ್ಲೂ ಚೆಂಡು ಹೀಗೆ ಹೊರಳುವುದಿಲ್ಲ. ಬರೀ ತೇವವೇ ಕಾರಣವಾಗಿದ್ದರೆ ಆ ಮೈದಾನ ದಿನವೂ ವೇಗಿಗಳ ಸ್ವರ್ಗವಾಗಬೇಕಿತ್ತು.

ಇಲ್ಲೊಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಮೋಡವಿದ್ದಾಗ ಪಿಚ್ ಬೇಗ ಒಣಗುವುದಿಲ್ಲ. ಮೇಲ್ಮೈಯಲ್ಲಿ ತುಸು ಹಸಿ ಉಳಿದ ಪಿಚ್ ಮೇಲೆ ಸೀಮ್ ಕಚ್ಚಿ ಚೆಂಡು ಅತ್ತಿತ್ತ ಹೊರಳುತ್ತದೆ. ನೋಡುವವರು ಇದನ್ನೂ ಸ್ವಿಂಗ್ ಎಂದೇ ಕರೆದುಬಿಡುತ್ತಾರೆ. ನಿಧಾನಗತಿಯ ಮರುಪ್ರಸಾರದಲ್ಲಿ ಚೆಂಡು ಬಾಗಿದ್ದು ನೆಲ ಮುಟ್ಟುವ ಮೊದಲೋ ಆಮೇಲೋ ಎಂದು ಗಮನಿಸಿದರೆ ಯಾವುದು ಆಕಾಶದ ಕೆಲಸ, ಯಾವುದು ನೆಲದ್ದು ಎಂದು ತಿಳಿಯುತ್ತದೆ. ಮೋಡದ ದಿನ ಎರಡೂ ಸೇರಿ ಬರುವುದರಿಂದಲೇ ಬ್ಯಾಟರ್‌ಗೆ ಅಷ್ಟು ಕಷ್ಟ.

ಉಷ್ಣತೆಯ ಪರಿಣಾಮ ತೇವಕ್ಕಿಂತ ದೊಡ್ಡದು. ತಂಪು ಗಾಳಿ ಬಿಸಿ ಗಾಳಿಗಿಂತ ಸಾಂದ್ರ. 18 ಡಿಗ್ರಿಯ ಇಂಗ್ಲೆಂಡಿನ ಬೆಳಿಗ್ಗೆಗೂ 34 ಡಿಗ್ರಿಯ ನಮ್ಮ ಮಧ್ಯಾಹ್ನಕ್ಕೂ ಸಾಂದ್ರತೆಯಲ್ಲಿ ಶೇ 5ರಷ್ಟು ಅಂತರವಿದೆ. ನಮ್ಮ ಅರ್ಧ ಮೀಟರಿನ ಲೆಕ್ಕದಲ್ಲಿ ಇದು ಎರಡೂವರೆ ಸೆಂಟಿಮೀಟರ್ ಮೀರುತ್ತದೆ. ಇದಕ್ಕಿಂತಲೂ ಹೆಚ್ಚಿನದು ಎತ್ತರದ ಪರಿಣಾಮ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ, ಅಷ್ಟೇ ಬಿಸಿಯಿರುವ ಚೆನ್ನೈ ಅಥವಾ ಮುಂಬಯಿಗೆ ಹೋಲಿಸಿದರೆ, ಗಾಳಿ ಶೇ 10ರ ಆಸುಪಾಸು ತೆಳು. ಅಷ್ಟರ ಮಟ್ಟಿಗೆ ಸ್ವಿಂಗ್ ಕಡಿಮೆ, ಹೊಡೆದ ಚೆಂಡಿಗೆ ಗಾಳಿಯ ತಡೆಯೂ ಕಡಿಮೆ. ಅಲ್ಲಿ ಸಿಕ್ಸರ್‌ಗಳು ಸುಲಭವಾಗಿ ಸಿಡಿಯುವುದಕ್ಕೆ ಚಿಕ್ಕ ಬೌಂಡರಿಯ ಜೊತೆ ಈ ತೆಳುಗಾಳಿಯೂ ಕಾರಣ.

ಮೋಡವಿಲ್ಲದ ದಿನವೂ ಗಾಳಿ ಸುಮ್ಮನಾಗುವ ಒಂದು ಹೊತ್ತಿದೆ, ಸೂರ್ಯ ಮುಳುಗಿದ ಮೇಲೆ. ನೆಲಕ್ಕೆ ಬಿಸಿಲು ತಪ್ಪಿದೊಡನೆ ಅದು ತಣ್ಣಗಾಗತೊಡಗುತ್ತದೆ. ಹಗಲಿನಲ್ಲಿ ಬಿಸಿ ಕೆಳಗೆ, ತಂಪು ಮೇಲೆ ಇತ್ತು, ಆದ್ದರಿಂದ ಗಾಳಿ ಮಗುಚುತ್ತಿತ್ತು. ಈಗ ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ. ಭಾರದ್ದು ಕೆಳಗಿದ್ದರೆ ಮಗುಚಲು ಕಾರಣವೇ ಇಲ್ಲ, ಸುಳಿಗಳು ಅಡಗುತ್ತವೆ. ಹಗಲು-ರಾತ್ರಿಯ ಏಕದಿನ ಪಂದ್ಯದಲ್ಲಿ ಎರಡನೇ ಇನಿಂಗ್ಸ್ ಶುರುವಾಗುವುದು ಸರಿಯಾಗಿ ಈ ಹೊತ್ತಿಗೆ, ಅದೂ ಹೊಚ್ಚ ಹೊಸ ಚೆಂಡುಗಳೊಂದಿಗೆ. 2023ರ ವಿಶ್ವಕಪ್‌ನಲ್ಲಿ ನವೆಂಬರ್ 2ರಂದು ಮುಂಬಯಿಯ ವಾಂಖೆಡೆಯಲ್ಲಿ ಭಾರತ ಮೊದಲು ಬ್ಯಾಟ್ ಮಾಡಿ 357 ರನ್ ಗಳಿಸಿತು. ಅದೇ ಪಿಚ್‌ನಲ್ಲಿ ದೀಪದ ಬೆಳಕಿನಡಿ ಬುಮ್ರಾ ತಮ್ಮ ಮೊದಲ ಎಸೆತಕ್ಕೇ ವಿಕೆಟ್ ಪಡೆದರು, ಸಿರಾಜ್ ಮೂರು, ಶಮಿ ಐದು ವಿಕೆಟ್ ಕಬಳಿಸಿದರು, ಶ್ರೀಲಂಕಾ 55ಕ್ಕೆ ಮುಗಿಯಿತು. ದೀಪ ಹಚ್ಚಿದ್ದರಿಂದ ಚೆಂಡು ಸ್ವಿಂಗ್ ಆಯಿತು ಎಂದು ಆಟಗಾರರು ಮಾತಿಗೆ ಹೇಳುತ್ತಾರೆ. ಅಲ್ಲಿ ಬದಲಾಗಿದ್ದು ಬೆಳಕಲ್ಲ, ತಣಿದ ನೆಲ ಮತ್ತು ನಿಂತ ಗಾಳಿ.

ಇದೇ ತಣಿಯುವಿಕೆ ಇನ್ನಷ್ಟು ಹೊತ್ತು ಮುಂದುವರಿದರೆ ಸ್ವಿಂಗ್‌ನ ಆಟ ಮುಗಿದು ಇಬ್ಬನಿಯ ಆಟ ಶುರುವಾಗುತ್ತದೆ. ಇಬ್ಬನಿ ಮಳೆಯಂತೆ ಮೇಲಿಂದ ಬೀಳುವುದಿಲ್ಲ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವ ಹಾಗೆ, ತಣ್ಣಗಾದ ಹುಲ್ಲಿನ ಎಸಳಿಗೆ ತಾಗಿದ ಗಾಳಿಯೊಳಗಿನ ಆವಿ ಅಲ್ಲೇ ನೀರಾಗುತ್ತದೆ. ಗಾಳಿ ಎಷ್ಟು ತಣಿದರೆ ಅದರಲ್ಲಿರುವ ಆವಿ ನೀರಾಗತೊಡಗುತ್ತದೋ ಆ ಉಷ್ಣತೆಗೆ ಇಬ್ಬನಿ ಬಿಂದು ಎನ್ನುತ್ತಾರೆ.

ಕರಾವಳಿಯ ಊರೊಂದರ ಪಂದ್ಯದ ದಿನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮಧ್ಯಾಹ್ನ ಉಷ್ಣತೆ 32 ಡಿಗ್ರಿ, ಆರ್ದ್ರತೆ ಶೇ 53. ಆಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ಆವಿ ಇರುತ್ತದೆ. ರಾತ್ರಿ ಎಂಟರ ಹೊತ್ತಿಗೆ ಉಷ್ಣತೆ 26ಕ್ಕೆ ಇಳಿಯಿತು ಎಂದುಕೊಳ್ಳೋಣ. ಗಾಳಿಯಲ್ಲಿರುವ ಆವಿ ಅಷ್ಟೇ, ಆದರೆ ಫಲಕದ ಮೇಲೆ ಆರ್ದ್ರತೆ ಶೇ 75 ಎಂದು ತೋರಿಸುತ್ತದೆ. ತಣ್ಣಗಾದ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿ ಕಡಿಮೆ, ಆದ್ದರಿಂದ ಇದ್ದ ಆವಿಯೇ ಹೆಚ್ಚಿನ ಶೇಕಡಾವಾರು ಆಗುತ್ತದೆ. ಆರ್ದ್ರತೆ ಇಷ್ಟು ಎಂದು ಹೇಳಿ ಉಷ್ಣತೆ ಹೇಳದಿದ್ದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ ಎನ್ನುವುದು ಇದಕ್ಕೇ. ಈ ಗಾಳಿಯ ಇಬ್ಬನಿ ಬಿಂದು 21 ಡಿಗ್ರಿ ಆಸುಪಾಸು. ಗಾಳಿ 26ರಲ್ಲೇ ಇದ್ದರೂ ಹುಲ್ಲಿನ ತುದಿ 21ಕ್ಕೆ ಇಳಿದರೆ ಸಾಕು, ಇಬ್ಬನಿ ಶುರು. ಅದೇ ಒಣ ಸೀಮೆಯ ಊರಾಗಿದ್ದು, 32 ಡಿಗ್ರಿಯಲ್ಲಿ ಆರ್ದ್ರತೆ ಶೇ 25 ಇದ್ದಿದ್ದರೆ ಇಬ್ಬನಿ ಬಿಂದು ಹತ್ತು ಡಿಗ್ರಿಯ ಹತ್ತಿರಕ್ಕೆ ಇಳಿದಿರುತ್ತಿತ್ತು, ಪಂದ್ಯ ಮುಗಿಯುವವರೆಗೂ ಹುಲ್ಲು ಒಣಗಿಯೇ ಇರುತ್ತಿತ್ತು.

ಹುಲ್ಲು ಗಾಳಿಗಿಂತ ಐದು ಡಿಗ್ರಿ ಹೆಚ್ಚು ತಣ್ಣಗಾಗುವುದು ಹೇಗೆ ಎಂಬಲ್ಲಿ ಮೋಡ ಮತ್ತೆ ಬರುತ್ತದೆ. ರಾತ್ರಿ ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಡುತ್ತದೆ. ತೆಳ್ಳಗಿನ ಹುಲ್ಲೆಸಳಿನಲ್ಲಿ ಶಾಖದ ದಾಸ್ತಾನು ಕಡಿಮೆ, ನೆಲದಿಂದ ಮೇಲಕ್ಕೆ ಚಾಚಿಕೊಂಡಿರುವುದರಿಂದ ಮಣ್ಣಿನ ಬಿಸಿಯೂ ಅದಕ್ಕೆ ಸರಿಯಾಗಿ ತಲುಪುವುದಿಲ್ಲ. ಆಕಾಶ ತಿಳಿಯಾಗಿದ್ದರೆ ಅದು ಬಿಟ್ಟ ಶಾಖದಲ್ಲಿ ಬಹುಪಾಲು ಮರಳಿ ಬಾರದು, ಎಸಳು ಬೇಗ ತಣಿಯುತ್ತದೆ. ಮೋಡವಿದ್ದರೆ ಅದು ಆ ಕಿರಣಗಳನ್ನು ಹೀರಿ ಮತ್ತೆ ಕೆಳಕ್ಕೆ ಬಿಡುತ್ತದೆ, ಹುಲ್ಲು ಬೆಚ್ಚಗೇ ಉಳಿಯುತ್ತದೆ. ಆದ್ದರಿಂದ ದಟ್ಟ ಮೋಡದ ರಾತ್ರಿ ಎಷ್ಟೇ ಸೆಖೆಯಿದ್ದರೂ ಇಬ್ಬನಿ ಅಷ್ಟಾಗಿ ಆಗುವುದಿಲ್ಲ. ಮಳೆಗಾಲ ಹಿಂದೆ ಸರಿದು ಆಕಾಶ ತಿಳಿಯಾಗಿ, ನೆಲದಲ್ಲಿ ಹಸಿ ಇನ್ನೂ ಉಳಿದಿರುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ನಮ್ಮ ದೇಶದ ಮೈದಾನಗಳಿಗೆ ಇಬ್ಬನಿಯ ಕಾಟ ಹೆಚ್ಚುವುದು ಇದರಿಂದ.

ಗಾಳಿ ಬೀಸುವುದೂ ಮುಖ್ಯ. ಜೋರು ಗಾಳಿ ಮೇಲಿನ ಬೆಚ್ಚನೆಯ ಪದರವನ್ನು ಕೆಳಕ್ಕೆ ಬೆರೆಸಿ ಹುಲ್ಲನ್ನು ತಣಿಯಗೊಡುವುದಿಲ್ಲ. ಎಲೆ ಅಲುಗದಷ್ಟು ಸ್ತಬ್ಧವಾದರೆ ಎಸಳಿನ ಸುತ್ತಲಿನ ಆವಿ ಮುಗಿದು ಹೊಸ ಆವಿ ಬರುವುದಿಲ್ಲ. ಮೆಲ್ಲಗೆ ಸುಳಿಯುವ ಗಾಳಿಯಲ್ಲಿ ಇಬ್ಬನಿ ಹೆಚ್ಚು ಕಟ್ಟುತ್ತದೆ. ಎತ್ತರದ ಗ್ಯಾಲರಿಗಳು ಸುತ್ತುವರಿದ ಕ್ರೀಡಾಂಗಣದೊಳಗೆ ಗಾಳಿ ಹೆಚ್ಚಾಗಿ ಇಷ್ಟೇ ಇರುತ್ತದೆ, ಜೊತೆಗೆ ದಿನವೂ ನೀರುಣಿಸುವ ಹುಲ್ಲು ತಾನೂ ಆವಿ ಬಿಡುತ್ತಿರುತ್ತದೆ. ಹೊರಗಿನ ಹವಾಮಾನ ಕೇಂದ್ರದ ಅಂಕಿಗಳಿಂದ ಮೈದಾನದೊಳಗಿನ ಇಬ್ಬನಿಯನ್ನು ನಿಖರವಾಗಿ ಹೇಳಲಾಗದಿರುವುದಕ್ಕೆ ಇದೂ ಒಂದು ಕಾರಣ.

ಪಿಚ್‌ಗಿಂತ ಮೊದಲು ಒದ್ದೆಯಾಗುವುದು ಔಟ್‌ಫೀಲ್ಡ್. ರೋಲರ್ ಎಳೆದು ಗಟ್ಟಿ ಮಾಡಿದ ಜೇಡಿಮಣ್ಣು ಹಗಲಿನ ಬಿಸಿಯನ್ನು ಬಹಳ ಹೊತ್ತು ಹಿಡಿದಿರುತ್ತದೆ, ಹುಲ್ಲು ಹಿಡಿದಿರುವುದಿಲ್ಲ. ಇಬ್ಬನಿ ಬಂದದ್ದನ್ನು ಟಿವಿ ನೋಡುವವರೂ ಗುರುತಿಸಬಹುದು. ಬೌಂಡರಿಯತ್ತ ಉರುಳಿದ ಚೆಂಡಿನ ಹಿಂದೆ ಹುಲ್ಲಿನ ಮೇಲೆ ಗೆರೆಯೊಂದು ಉಳಿಯುತ್ತದೆ, ಫೀಲ್ಡರ್‌ಗಳು ಚೆಂಡನ್ನು ಅಂಗಿಗೆ ಒರೆಸಿಯೇ ಎಸೆಯುತ್ತಾರೆ, ಬೌಲರ್ ಸೊಂಟದಲ್ಲಿ ಟವೆಲ್ ಕಾಣಿಸಿಕೊಳ್ಳುತ್ತದೆ.

ಒದ್ದೆ ಚೆಂಡು ಮೊದಲು ಸೋಲಿಸುವುದು ಸ್ಪಿನ್ನರನ್ನು. ಬೆರಳು ಸೀಮ್ ಮೇಲೆ ಹಿಡಿತ ಕಳೆದುಕೊಂಡು ಜಾರುತ್ತದೆ, ಸುತ್ತು ಕಡಿಮೆಯಾಗುತ್ತದೆ, ಬಿದ್ದ ಚೆಂಡು ಪಿಚ್ ಕಚ್ಚದೆ ಜಾರಿಕೊಂಡು ನೇರವಾಗಿ ಬ್ಯಾಟಿಗೆ ಬರುತ್ತದೆ. ವೇಗಿಗೆ ಯಾರ್ಕರ್ ಹಾಕಲು ಹೋದರೆ ಕೈಯಿಂದ ಬೇಗ ಜಾರಿ ಫುಲ್‌ಟಾಸ್ ಆಗುತ್ತದೆ, ನಿಧಾನಗತಿಯ ಚೆಂಡಿನ ಮೋಸವೂ ಹಿಡಿತ ಸಿಗದೆ ಕೈಕೊಡುತ್ತದೆ. ಗಾಳಿಯ ತೇವ ಮಾಡಲಾಗದ್ದನ್ನು ಹುಲ್ಲಿನ ನೀರು ಮಾಡುತ್ತದೆ. ಚರ್ಮ ಮತ್ತು ದಾರ ನಿಜಕ್ಕೂ ನೀರು ಕುಡಿದು ಮೆತ್ತಗಾಗುತ್ತವೆ, ಒಂದು ಬದಿಗೆ ಹೊಳಪು ಕೂರಿಸಲು ಆಗುವುದಿಲ್ಲ, ನಯ ಮತ್ತು ಒರಟು ಬದಿಗಳ ಅಂತರ ಅಳಿದು ಸ್ವಿಂಗ್ ಕೂಡ ಸಾಯುತ್ತದೆ. ಸಂಜೆಯ ಸ್ತಬ್ಧತೆ ಕೊಟ್ಟಿದ್ದನ್ನು ರಾತ್ರಿಯ ತಂಪು ಕಿತ್ತುಕೊಳ್ಳುತ್ತದೆ.

ಈ ಎರಡು ಘಟ್ಟಗಳೂ ಒಂದರ ಹಿಂದೊಂದು ಬರಬಲ್ಲವು ಎಂಬ ಲೆಕ್ಕ 2023ರ ನವೆಂಬರ್ 19ರಂದು ಅಹಮದಾಬಾದಿನ ವಿಶ್ವಕಪ್ ಫೈನಲ್‌ನಲ್ಲಿ ಕಾಣಿಸಿತು. ಟಾಸ್ ಗೆದ್ದ ಪ್ಯಾಟ್ ಕಮಿನ್ಸ್ ಬೌಲಿಂಗ್ ಆರಿಸಿಕೊಂಡರು, ಅವರ ಲೆಕ್ಕದಲ್ಲಿ ಇಬ್ಬನಿಯೂ ಇತ್ತು. ಮಧ್ಯಾಹ್ನ ಒಣಗಿದ, ನಿಧಾನವಾದ ಪಿಚ್ ಮೇಲೆ ಭಾರತ 240ಕ್ಕೆ ಆಲೌಟಾಯಿತು. ಅರ್ಧಶತಕ ಗಳಿಸಿದ ಕೆ.ಎಲ್. ರಾಹುಲ್, ವಿರಾಟ್ ಕೊಹ್ಲಿ ಕೂಡ ಬೌಂಡರಿಗಾಗಿ ಒದ್ದಾಡಬೇಕಾಯಿತು. ಸಂಜೆ ದೀಪದಡಿ ಹೊಸ ಚೆಂಡು ಮೊದಲ ಏಳು ಓವರ್‌ಗಳಲ್ಲಿ ಶಮಿ ಮತ್ತು ಬುಮ್ರಾ ಹೇಳಿದ ಮಾತು ಕೇಳಿತು, ಆಸ್ಟ್ರೇಲಿಯಾ 47ಕ್ಕೆ ಮೂರು ವಿಕೆಟ್ ಕಳೆದುಕೊಂಡಿತು. ಆಮೇಲೆ ಚೆಂಡಿನ ಹೊಳಪು ಮಾಸಿತು, ರಾತ್ರಿ ಏರಿದಂತೆ ಬ್ಯಾಟಿಂಗ್ ಸುಲಭವಾಗುತ್ತ ಹೋಯಿತು. ಟ್ರಾವಿಸ್ ಹೆಡ್ ಮತ್ತು ಲಬುಶೇನ್ 192 ರನ್ ಜೊತೆಯಾಟ ಕಟ್ಟಿದರು, ಹೆಡ್ 137 ಗಳಿಸಿದರು, 43 ಓವರ್‌ಗಳಲ್ಲಿ ಪಂದ್ಯ ಮುಗಿಯಿತು. ಹೆಡ್ ಆಡಿದ ಆಟವನ್ನು ಹವಾಮಾನದ ಲೆಕ್ಕಕ್ಕೆ ಹಚ್ಚುವುದು ಅನ್ಯಾಯ. ಆದರೆ ಮೊದಲ ಏಳು ಓವರ್‌ಗಳ ಹೊಸ ಚೆಂಡನ್ನು ದಾಟಿ ನಿಂತರೆ ಮುಂದಿನ ದಾರಿ ಹಗಲಿಗಿಂತ ಹಗುರ ಎಂಬ ಕಮಿನ್ಸ್ ಅವರ ಲೆಕ್ಕ ತಪ್ಪಲಿಲ್ಲ.

ಇಬ್ಬನಿಗೆ ಮೈದಾನದವರು ಮಾಡಬಲ್ಲ ಉಪಾಯಗಳು ಕೆಲವಿವೆ. ಪಂದ್ಯಕ್ಕೆ ಮುಂಚಿನ ದಿನಗಳಲ್ಲಿ ಔಟ್‌ಫೀಲ್ಡಿಗೆ ನೀರು ನಿಲ್ಲಿಸಿ ಹುಲ್ಲನ್ನು ಗಿಡ್ಡವಾಗಿ ಕತ್ತರಿಸುತ್ತಾರೆ. ನೀರು ಎಸಳಿನ ಮೇಲೆ ಹನಿಯಾಗಿ ನಿಲ್ಲದೆ ಹರಡಿ ಕೆಳಗಿಳಿಯುವಂತೆ ಮಾಡುವ ದ್ರಾವಣ ಸಿಂಪಡಿಸುತ್ತಾರೆ. ಇನಿಂಗ್ಸ್ ನಡುವೆ ಮತ್ತು ಪಾನೀಯ ವಿರಾಮದಲ್ಲಿ ಇಬ್ಬರು ಎರಡು ತುದಿ ಹಿಡಿದು ಉದ್ದನೆಯ ಹಗ್ಗವನ್ನು ಹುಲ್ಲಿನ ಮೇಲೆ ಎಳೆದುಕೊಂಡು ಓಡುತ್ತಾರೆ, ಹನಿಗಳು ಉದುರಿ ಮಣ್ಣಿಗಿಳಿಯುತ್ತವೆ. ಇದರ ಫಲ ಸ್ವಲ್ಪ ಹೊತ್ತು ಮಾತ್ರ, ಏಕೆಂದರೆ ಹುಲ್ಲು ತಣ್ಣಗಿರುವ ತನಕ ಹೊಸ ಇಬ್ಬನಿ ಕಟ್ಟುತ್ತಲೇ ಇರುತ್ತದೆ. ಬೌಲರ್‌ಗಳು ಅಭ್ಯಾಸದಲ್ಲಿ ಚೆಂಡನ್ನು ಬಕೆಟ್ ನೀರಿನಲ್ಲಿ ಅದ್ದಿ ತೆಗೆದು ಬೌಲ್ ಮಾಡಿ ಕೈ ಪಳಗಿಸಿಕೊಳ್ಳುತ್ತಾರೆ.

ಇವುಗಳಿಗಿಂತ ಹೆಚ್ಚು ಫಲ ಕೊಡುವುದು ವೇಳಾಪಟ್ಟಿ ಮತ್ತು ನಿಯಮದ ಬದಲಾವಣೆ. 2019ರ ನವೆಂಬರಿನಲ್ಲಿ ಭಾರತದ ಮೊದಲ ಹಗಲು-ರಾತ್ರಿ ಟೆಸ್ಟ್ ಕೋಲ್ಕತ್ತದಲ್ಲಿ ನಡೆದಾಗ ಆಟವನ್ನು ಮಧ್ಯಾಹ್ನ ಒಂದಕ್ಕೇ ಆರಂಭಿಸಿ, ಇಬ್ಬನಿ ದಟ್ಟವಾಗುವ ಹೊತ್ತಿಗೆ ದಿನದಾಟ ಮುಗಿಯುವಂತೆ ನೋಡಿಕೊಂಡರು. 2025ರ ಐಪಿಎಲ್‌ನಲ್ಲಿ ರಾತ್ರಿ ಪಂದ್ಯಗಳ ಎರಡನೇ ಇನಿಂಗ್ಸ್‌ನಲ್ಲಿ ಹತ್ತು ಓವರ್ ಕಳೆದ ಮೇಲೆ ಬೌಲಿಂಗ್ ತಂಡ ಒದ್ದೆ ಚೆಂಡಿಗೆ ಬದಲಾಗಿ ಇನ್ನೊಂದು ಚೆಂಡು ಪಡೆಯಲು ಅವಕಾಶ ಮಾಡಿಕೊಟ್ಟರು. ಕೊಡುವುದು ಹೊಸ ಚೆಂಡಲ್ಲ, ಅಷ್ಟೇ ಸವೆದ ಒಣ ಚೆಂಡು. ಅದರಿಂದ ಹೊಸ ಚೆಂಡಿನ ಸ್ವಿಂಗ್ ಮರಳಿ ಬರುವುದಿಲ್ಲ, ಬೆರಳಿಗೆ ಹಿಡಿತ ಸಿಗುತ್ತದೆ, ಅದೂ ಚೆಂಡು ಮತ್ತೆ ಒದ್ದೆ ಹುಲ್ಲಿನ ಮೇಲೆ ನಾಲ್ಕಾರು ಸಲ ಉರುಳುವವರೆಗೆ.